ತೃಪ್ತ ಗ್ರಾಹಕರಿಂದ ನಾಲ್ಕು ಸಾಲಿನ ಲಿಖಿತ ಅಭಿಪ್ರಾಯ ಪಡೆಯುವ ಬಗೆ

ಪ್ರಶ್ನೆ: ನಾನು ಸಣ್ಣ ಕಂಪನಿಗಳು ತಯಾರಿಸುವ ಯಂತ್ರಗಳಿಗೆ ಬಳಕೆದಾರರ ಕೈಪಿಡಿ ಬರೆದುಕೊಡುತ್ತೇನೆ. ಕೆಲಸ ಮುಗಿದ ಮೇಲೆ ಗ್ರಾಹಕರು ಫೋನಿನಲ್ಲಿ ಬಾಯ್ತುಂಬ ಹೊಗಳುತ್ತಾರೆ. ಆದರೆ “ನನ್ನ ಕೆಲಸದ ಬಗ್ಗೆ ಎರಡು ಮಾತು ಬರೆದುಕೊಡಿ” ಎಂದರೆ “ಖಂಡಿತ” ಎಂದವರು ತಿಂಗಳಾದರೂ ಕಳುಹಿಸುವುದಿಲ್ಲ. ಕಳುಹಿಸಿದರೂ “ಉತ್ತಮ ಸೇವೆ, ಶುಭವಾಗಲಿ” ಎಂಬಷ್ಟೇ ಇರುತ್ತದೆ. ಮತ್ತೆ ಮತ್ತೆ ಕೇಳಲು ಸಂಕೋಚವಾಗುತ್ತದೆ. ಹೇಗೆ ಕೇಳಬೇಕು? ನಾನೇ ಬರೆದು ಅವರ ಒಪ್ಪಿಗೆ ಪಡೆದರೆ ತಪ್ಪೇ?

ಉತ್ತರ: ನಿಮ್ಮ ಗ್ರಾಹಕರಿಗೆ ಮನಸ್ಸಿಲ್ಲವೆಂದು ಭಾವಿಸಬೇಡಿ. “ಎರಡು ಮಾತು ಬರೆದುಕೊಡಿ” ಎಂಬ ಕೋರಿಕೆ ಕೇಳಲು ಹಗುರವಾಗಿದ್ದರೂ ಅದರೊಳಗೆ ಮೂರು ಕೆಲಸಗಳು ಅಡಗಿವೆ. ಕೆಲವು ವಾರಗಳ ಹಿಂದೆ ನಡೆದದ್ದನ್ನು ಅವರು ನೆನಪಿಸಿಕೊಳ್ಳಬೇಕು, ಅದರಲ್ಲಿ ಹೇಳತಕ್ಕದ್ದು ಯಾವುದೆಂದು ಆರಿಸಬೇಕು, ನಂತರ ಅದನ್ನು ತಮ್ಮ ಹೆಸರಿನಲ್ಲಿ ಅಪರಿಚಿತರು ಓದಬಹುದಾದ ವಾಕ್ಯವಾಗಿ ಕಟ್ಟಬೇಕು. ಫೋನಿನಲ್ಲಿ ಹೊಗಳಿದಾಗ ಅವರು ಈ ಮೂರರಲ್ಲಿ ಒಂದನ್ನೂ ಮಾಡಿರಲಿಲ್ಲ. ನಿಮ್ಮ ಮಾತಿಗೆ ಉತ್ತರವಾಗಿ ತೋಚಿದ್ದನ್ನು ಹೇಳಿದ್ದರು, ಅಷ್ಟೆ. ಆದ್ದರಿಂದ ಅವರನ್ನು ಬರಹಗಾರರನ್ನಾಗಿಸುವ ಬದಲು ಉತ್ತರ ಹೇಳುವವರಾಗಿಯೇ ಉಳಿಸಿ. ನೆನಪು ಕೆದಕುವ, ಆರಿಸುವ, ಕಟ್ಟುವ ಹೊರೆಯನ್ನು ನೀವು ಹೊರಬೇಕು. ಮಾತು ಮಾತ್ರ ಅವರದೇ ಆಗಿರಬೇಕು.

ಮೊದಲು ಸಮಯದ ವಿಚಾರ. ಕೈಪಿಡಿಯನ್ನು ಒಪ್ಪಿಸಿದ ದಿನವೇ ಕೇಳಿದರೆ ಗ್ರಾಹಕರಲ್ಲಿ ಹೇಳಲು ಸಂತೋಷವಿರುತ್ತದೆಯೇ ಹೊರತು ಸಂಗತಿಗಳಿರುವುದಿಲ್ಲ, ಏಕೆಂದರೆ ಆ ಕೈಪಿಡಿ ಇನ್ನೂ ಯಾವ ಬಳಕೆದಾರನ ಕೈಗೂ ಹೋಗಿಲ್ಲ. “ಉತ್ತಮ ಸೇವೆ” ಎಂಬ ಉತ್ತರ ಬರಲು ಅನೇಕ ವೇಳೆ ಇದೇ ಕಾರಣ. ಹೊಸ ಕೈಪಿಡಿಯೊಂದಿಗೆ ಯಂತ್ರಗಳು ಮಾರಾಟವಾಗಿ, ದೂರವಾಣಿ ಕರೆಗಳಲ್ಲಿ, ದೂರುಗಳಲ್ಲಿ ವ್ಯತ್ಯಾಸ ಕಾಣಿಸತೊಡಗುವವರೆಗೆ ಕಾಯಿರಿ. ನಿಮ್ಮ ಕೆಲಸಕ್ಕೆ ನಾಲ್ಕರಿಂದ ಆರು ವಾರಗಳು ಸಾಮಾನ್ಯವಾಗಿ ಸಾಕು. ಅರ್ಧ ವರ್ಷ ಬಿಟ್ಟರೆ ಹೊಸ ಸ್ಥಿತಿಯೇ ರೂಢಿಯಾಗಿ, ಹಳೆಯ ತೊಂದರೆ ಎಷ್ಟಿತ್ತೆಂಬುದು ಮರೆತುಹೋಗುತ್ತದೆ. ಇದಕ್ಕೆ ಒಂದು ಅಪವಾದವಿದೆ: ಗ್ರಾಹಕರು ತಾವಾಗಿಯೇ ನಿರ್ದಿಷ್ಟವಾದ ಒಳ್ಳೆಯ ಮಾತೊಂದನ್ನು ಹೇಳಿದರೆ ಯಾವ ಲೆಕ್ಕವನ್ನೂ ನೋಡದೆ ಅದೇ ದಿನ ಕೇಳಿ. ಬಿಲ್ ಕಳುಹಿಸುವ ಇಮೇಲಿನಲ್ಲಿ, ಹಣ ಬಾಕಿ ಇರುವಾಗ, ತಿದ್ದುಪಡಿಗಳ ಬಗ್ಗೆ ಮಾತು ನಡೆಯುತ್ತಿರುವಾಗ ಅಥವಾ ಮುಂದಿನ ಕೆಲಸದ ದರ ಚರ್ಚೆಯಲ್ಲಿರುವಾಗ ಮಾತ್ರ ಕೇಳಬೇಡಿ. ಆಗ ಕೋರಿಕೆ ವ್ಯವಹಾರದ ಒಂದು ಅಂಶದಂತೆ ಕಾಣುತ್ತದೆ, ಬರುವ ಮಾತೂ ಅಳೆದು ತೂಗಿದ ಮಾತಾಗಿರುತ್ತದೆ.

ಯಾರನ್ನು ಕೇಳಬೇಕೆಂಬುದೂ ಅಷ್ಟೇ ಮುಖ್ಯ. ನಿಮಗೆ ಕೆಲಸ ಒಪ್ಪಿಸಿದವರು ಮಾಲೀಕರಿರಬಹುದು, ಆದರೆ ಕೈಪಿಡಿ ಸರಿಯಿಲ್ಲದಾಗ ದಿನವಿಡೀ ಫೋನಿಗೆ ಉತ್ತರಿಸುತ್ತಿದ್ದವರು ಸೇವಾ ವಿಭಾಗದವರು. ಬದಲಾವಣೆಯನ್ನು ಮೈಮೇಲೆ ಅನುಭವಿಸಿದವರ ಮಾತಿನಲ್ಲಿ ಸಂಗತಿಗಳಿರುತ್ತವೆ. ಆದ್ದರಿಂದ ಮಾಲೀಕರಿಗೆ ವಿಷಯ ತಿಳಿಸಿ, ಅವರ ಅನುಮತಿ ಪಡೆದು, ಸೇವಾ ವಿಭಾಗದ ಮುಖ್ಯಸ್ಥರನ್ನು ಕೇಳುವುದು ಉತ್ತಮ.

ಕೋರಿಕೆಯನ್ನು ಎರಡು ಹಂತಗಳಾಗಿ ಒಡೆಯಿರಿ. ಮೊದಲ ಸಂದೇಶದಲ್ಲಿ ಪ್ರಶ್ನೆಗಳನ್ನು ಕಳುಹಿಸಬೇಡಿ, ಒಪ್ಪಿಗೆಯನ್ನಷ್ಟೇ ಕೇಳಿ. ಅದು ಹೀಗಿರಬಹುದು:

“ನಮಸ್ಕಾರ ಸರ್. ಫಿಲ್ಟರ್ ಬದಲಿಸುವ ಪುಟದಿಂದಾಗಿ ಕರೆಗಳು ಕಡಿಮೆಯಾಗಿವೆ ಎಂದು ಮೊನ್ನೆ ಹೇಳಿದಿರಿ. ಕೇಳಿ ಬಹಳ ಸಂತೋಷವಾಯಿತು. ಆ ಅನುಭವವನ್ನು ನಾಲ್ಕೈದು ಸಾಲುಗಳಲ್ಲಿ ನಿಮ್ಮ ಹೆಸರಿನೊಂದಿಗೆ ನನ್ನ ವೆಬ್‌ಸೈಟಿನಲ್ಲಿ ಹಾಕಿಕೊಳ್ಳಲು ಅನುಮತಿ ಕೊಡುವಿರಾ? ನೀವು ಕೂತು ಬರೆಯಬೇಕಾಗಿಲ್ಲ. ನಾಲ್ಕು ಚಿಕ್ಕ ಪ್ರಶ್ನೆಗಳನ್ನು ಕಳುಹಿಸುತ್ತೇನೆ, ಮಾತನಾಡಿದ ಹಾಗೆಯೇ ಉತ್ತರಿಸಿದರೆ ಸಾಕು. ಅದನ್ನು ಜೋಡಿಸಿ ನಿಮಗೆ ತೋರಿಸಿ, ನೀವು ಒಪ್ಪಿದ ಮೇಲೆಯೇ ಬಳಸುತ್ತೇನೆ. ನಿಮ್ಮ ಕಂಪನಿಯಲ್ಲಿ ಇದಕ್ಕೆ ಅವಕಾಶವಿಲ್ಲವೆಂದರೆ ಖಂಡಿತ ಬೇಸರವಿಲ್ಲ, ಹಾಗೆಂದು ಒಂದು ಸಾಲು ತಿಳಿಸಿ.”

ಈ ಸಂದೇಶ ಅವರೇ ಹೇಳಿದ ಒಂದು ನಿರ್ದಿಷ್ಟ ಮಾತಿನಿಂದ ಆರಂಭವಾಗುವುದರಿಂದ ಏನು ಹೇಳಬೇಕೆಂಬುದರ ಅರ್ಧ ಭಾಗ ಆಗಲೇ ಅವರ ಕಣ್ಣೆದುರಿಗಿರುತ್ತದೆ. ಎಲ್ಲಿ ಪ್ರಕಟವಾಗುತ್ತದೆ, ಎಷ್ಟು ಉದ್ದವಿರುತ್ತದೆ, ಕೊನೆಯ ಮಾತು ಯಾರದು ಎಂಬ ಮೂರು ಆತಂಕಗಳಿಗೂ ಇದರಲ್ಲಿ ಉತ್ತರವಿದೆ. ಇಲ್ಲ ಎನ್ನಲು ಗೌರವದ ದಾರಿಯನ್ನು ಬಿಟ್ಟಿರುವುದು ಸೌಜನ್ಯಕ್ಕಾಗಿ ಮಾತ್ರವಲ್ಲ. ಇಲ್ಲ ಎನ್ನಲಾಗದೆ “ಖಂಡಿತ” ಎಂದವರೇ ತಿಂಗಳುಗಟ್ಟಲೆ ಮೌನವಾಗಿ ಉಳಿಯುವುದು, ಹಾಗೆ ಉಳಿದ ಮೇಲೆ ನಿಮ್ಮ ಬೇರೆ ಫೋನ್ ಕರೆಗಳನ್ನು ಎತ್ತಲೂ ಅವರಿಗೆ ಮುಜುಗರವಾಗುತ್ತದೆ.

ಒಪ್ಪಿಗೆ ಬಂದ ದಿನವೇ ಪ್ರಶ್ನೆಗಳನ್ನು ಕಳುಹಿಸಿ. ಅಭಿಪ್ರಾಯ ಕೇಳಿದರೆ ವಿಶೇಷಣ ಬರುತ್ತದೆ, ಘಟನೆ ಕೇಳಿದರೆ ಘಟನೆ ಬರುತ್ತದೆ. “ನಮ್ಮ ಸೇವೆ ಹೇಗಿತ್ತು” ಎಂಬ ಪ್ರಶ್ನೆಗೆ “ಚೆನ್ನಾಗಿತ್ತು” ಎಂಬುದಲ್ಲದೆ ಬೇರೆ ಉತ್ತರವಿಲ್ಲ. “ನನ್ನ ಕೈಪಿಡಿಯಿಂದ ನಿಮ್ಮ ಸಮಯ ಎಷ್ಟು ಉಳಿಯಿತು” ಎಂಬುದು ಇನ್ನೂ ಕೆಟ್ಟದ್ದು, ಏಕೆಂದರೆ ಉತ್ತರವನ್ನು ಪ್ರಶ್ನೆಯೇ ಬಾಯಿಗಿಡುತ್ತದೆ. ಅವರಿಗೆ ನಿಜವಾಗಿ ಆದ ಲಾಭ ಬೇರೆಯದೇ ಆಗಿದ್ದರೆ ಅದು ನಿಮಗೆ ತಿಳಿಯುವುದೇ ಇಲ್ಲ. ನಾನು ಬಳಸುವ ನಾಲ್ಕು ಪ್ರಶ್ನೆಗಳು ಇವು:

ನನ್ನನ್ನು ಕರೆಯುವ ಮೊದಲು ಏನು ತೊಂದರೆಯಾಗುತ್ತಿತ್ತು? ಒಂದು ಉದಾಹರಣೆ ನೆನಪಿದ್ದರೆ ಹೇಳಿ.

ಈ ಕೆಲಸವನ್ನು ಹೊರಗಿನವರಿಗೆ ಒಪ್ಪಿಸಲು ನಿಮಗೆ ಏನಾದರೂ ಹಿಂಜರಿಕೆ ಇತ್ತೇ? ಅದು ಮುಂದೆ ಏನಾಯಿತು?

ಈಗ ಯಾವ ಒಂದು ವಿಷಯ ಮೊದಲಿನಂತಿಲ್ಲ?

ಯಾರಾದರೂ ಪರಿಚಿತರು ಕೇಳಿದರೆ, ಯಾವ ಬಗೆಯವರಿಗೆ ನನ್ನ ಹೆಸರು ಹೇಳುತ್ತೀರಿ?

ಮೊದಲ ಪ್ರಶ್ನೆ ಮುಂದೆ ಅದನ್ನು ಓದುವವರಿಗಾಗಿ ಇದೆ: ತಮ್ಮ ತೊಂದರೆಯೂ ಇದೇ ಎಂದು ಗುರುತಿಸಿಕೊಂಡವರು ಮುಂದಿನ ಸಾಲನ್ನು ಓದುತ್ತಾರೆ. ಮೂರನೆಯದರಲ್ಲಿ “ಒಂದು” ಎಂಬ ಪದವನ್ನು ಬಿಡಬೇಡಿ. ಅದಿಲ್ಲದಿದ್ದರೆ “ಎಲ್ಲವೂ ಸುಧಾರಿಸಿದೆ” ಎಂಬ ಉತ್ತರ ಬರುತ್ತದೆ. ನಾಲ್ಕನೆಯದಕ್ಕೆ ಉತ್ತರ ಬಾರದಿದ್ದರೂ ನಡೆಯುತ್ತದೆ.

ಎರಡನೆಯ ಪ್ರಶ್ನೆಯನ್ನು ಕೇಳಲು ಹೆಚ್ಚಿನವರು ಹೆದರುತ್ತಾರೆ. ತೃಪ್ತರಾದವರ ಬಾಯಿಂದ ಅನುಮಾನವನ್ನು ಹೊರಡಿಸುವುದೇಕೆ ಎಂಬುದು ಅವರ ಅಳುಕು. ಆದರೆ ನಾಲ್ಕರಲ್ಲಿ ಒಂದನ್ನೇ ಕೇಳಬಹುದು ಎಂದಾದರೆ, ಗ್ರಾಹಕರಿಗೆ ಆದ ಲಾಭ ಏನೆಂಬುದು ಮೊದಲೇ ತಿಳಿದಿದ್ದ ಪಕ್ಷದಲ್ಲಿ, ನಾನು ಇದನ್ನೇ ಕೇಳುತ್ತೇನೆ. ನಿಮ್ಮ ಮುಂದಿನ ಗ್ರಾಹಕರು ಈ ಅಭಿಪ್ರಾಯವನ್ನು ಓದುವಾಗ ಅವರ ಮನಸ್ಸಿನಲ್ಲಿ ಅದೇ ಅನುಮಾನವಿರುತ್ತದೆ: ಹೊರಗಿನವರಿಗೆ ನಮ್ಮ ಯಂತ್ರ ಅರ್ಥವಾದೀತೇ, ನಮ್ಮ ಎಂಜಿನಿಯರ್‌ಗಳ ಸಮಯ ಇನ್ನಷ್ಟು ಹಾಳಾದೀತೇ, ಹಣ ಕೊಟ್ಟು ಮತ್ತೆ ನಾವೇ ತಿದ್ದಬೇಕಾದೀತೇ. ಆ ಅನುಮಾನವನ್ನು ನೀವು ಎತ್ತಿ ನೀವೇ ಪರಿಹರಿಸಿದರೆ ಅದು ಜಾಹೀರಾತು. ಅದೇ ಸ್ಥಾನದಲ್ಲಿದ್ದ ಇನ್ನೊಬ್ಬರು “ನನಗೂ ಹಾಗೆ ಅನ್ನಿಸಿತ್ತು” ಎಂದು ಹೇಳಿ, ಅದು ಹೇಗೆ ತೀರಿತೆಂದು ತಿಳಿಸಿದರೆ ಅದು ಸಾಕ್ಷ್ಯ. ಈ ಪ್ರಶ್ನೆಗೆ ಬರುವ ಉತ್ತರದಲ್ಲಿ ನಿಮಗೆ ಗೊತ್ತಿಲ್ಲದ ಸಂಗತಿಯೂ ಸಿಗುತ್ತದೆ. ನೀವು ಸಹಜವೆಂದು ಮಾಡಿದ ಯಾವುದೋ ಚಿಕ್ಕ ಕೆಲಸವೇ ಅವರ ನಂಬಿಕೆಯನ್ನು ಗಳಿಸಿರುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ನೀರು ಶುದ್ಧೀಕರಿಸುವ ಯಂತ್ರ ತಯಾರಿಸುವ ಕಂಪನಿಯೊಂದಕ್ಕೆ ನೀವು ಕೈಪಿಡಿ ಬರೆದಿದ್ದೀರಿ ಎಂದುಕೊಳ್ಳಿ. ಸೇವಾ ವಿಭಾಗದ ಮುಖ್ಯಸ್ಥರು ವಾಟ್ಸಾಪ್‌ನಲ್ಲಿ ಹೀಗೆ ಉತ್ತರಿಸುತ್ತಾರೆ:

“1. ಕೈಪಿಡಿ ಮೊದಲೂ ಇತ್ತು, ಯಾರೂ ಓದ್ತಿರಲಿಲ್ಲ. ಫಿಲ್ಟರ್ ಬದಲಾಯಿಸಿದ ಮೇಲೂ ಕೆಂಪು ದೀಪ ಆರ್ತಿಲ್ಲ ಅಂತ ದಿನಕ್ಕೆ ಐದಾರು ಫೋನ್. ರೀಸೆಟ್ ಬಟನ್ ಐದು ಸೆಕೆಂಡ್ ಒತ್ತಿ ಹಿಡೀಬೇಕು, ಅಷ್ಟೇ. ಅದನ್ನ ಹೇಳೋಕೇ ಒಬ್ಬ ಹುಡುಗ ಬೇಕಾಗಿತ್ತು.

2. ನಿಜ ಹೇಳ್ಬೇಕು ಅಂದ್ರೆ, ಹೊರಗಿನವರಿಗೆ ನಮ್ಮ ಮಷಿನ್ ಬಗ್ಗೆ ಏನು ಗೊತ್ತಿರುತ್ತೆ ಅನ್ನಿಸಿತ್ತು. ನೀವು ಎರಡು ದಿನ ನಮ್ಮ ಹುಡುಗರ ಪಕ್ಕ ಕೂತು ಫೋನ್ ಕೇಳಿಸಿಕೊಂಡ್ರಲ್ಲ, ಆಗ ಸರಿ ಅನ್ನಿಸ್ತು.

3. ಕೆಂಪು ದೀಪದ ಫೋನ್ ಈಗ ವಾರಕ್ಕೆ ಒಂದೋ ಎರಡೋ. ಚಿತ್ರಗಳೂ ಚೆನ್ನಾಗಿವೆ.

4. ಮಷಿನ್ ಮಾಡೋದು ಗೊತ್ತಿದ್ದು, ಅದನ್ನ ಹೇಳಿಕೊಡೋದು ಗೊತ್ತಿಲ್ಲದ ನಮ್ಮಂಥವರಿಗೆ.”

ಇದರಿಂದ ನೀವು ಜೋಡಿಸಬಹುದಾದ ಅಭಿಪ್ರಾಯ ಹೀಗಿರುತ್ತದೆ:

“ಫಿಲ್ಟರ್ ಬದಲಾಯಿಸಿದ ಮೇಲೂ ಕೆಂಪು ದೀಪ ಆರುತ್ತಿಲ್ಲ ಎಂದು ದಿನಕ್ಕೆ ಐದಾರು ಫೋನ್ ಬರುತ್ತಿತ್ತು. ರೀಸೆಟ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಬೇಕು ಎಂದು ಹೇಳುವುದಕ್ಕೇ ಒಬ್ಬ ಹುಡುಗ ಬೇಕಾಗಿತ್ತು. ಹೊರಗಿನವರಿಗೆ ನಮ್ಮ ಮಷಿನ್ ಬಗ್ಗೆ ಏನು ಗೊತ್ತಿರುತ್ತದೆ ಎಂದು ನನಗೆ ಅನ್ನಿಸಿತ್ತು. ಇವರು ಎರಡು ದಿನ ನಮ್ಮ ಹುಡುಗರ ಪಕ್ಕ ಕೂತು ಫೋನ್ ಕೇಳಿಸಿಕೊಂಡಾಗ ಸರಿ ಅನ್ನಿಸಿತು. ಆ ಫೋನ್ ಈಗ ವಾರಕ್ಕೆ ಒಂದೋ ಎರಡೋ.”

ಇಲ್ಲಿ ನಾನು ಮಾಡಿದ್ದು ತೆಗೆಯುವ ಕೆಲಸ, ಸೇರಿಸುವ ಕೆಲಸವಲ್ಲ. ಮಾತಿನ ರೂಪಗಳನ್ನು ಓದಲು ಸಲೀಸಾಗುವಷ್ಟು ಮಾತ್ರ ಬರಹದ ರೂಪಕ್ಕೆ ತಂದಿದ್ದೇನೆ. “ಹುಡುಗ”, “ಮಷಿನ್” ಎಂಬ ಪದಗಳನ್ನು “ಸಿಬ್ಬಂದಿ”, “ಯಂತ್ರ” ಎಂದು ಬದಲಿಸಿಲ್ಲ, ಏಕೆಂದರೆ ಆ ಪದಗಳಲ್ಲಿಯೇ ಒಬ್ಬ ವ್ಯಕ್ತಿ ಮಾತನಾಡುತ್ತಿರುವುದು ಕೇಳಿಸುತ್ತದೆ. “ಚಿತ್ರಗಳೂ ಚೆನ್ನಾಗಿವೆ” ಎಂಬುದನ್ನು ಬಿಟ್ಟಿದ್ದೇನೆ. ಅದು ನಿಜವಾದ ಹೊಗಳಿಕೆಯೇ, ಆದರೆ ಕರೆಗಳ ಕಥೆ ಹೇಳುತ್ತಿರುವಾಗ ನಡುವೆ ಬಂದು ಓದುವವರ ಗಮನವನ್ನು ಬೇರೆಡೆ ಸೆಳೆಯುತ್ತದೆ. ನಾಲ್ಕನೆಯ ಉತ್ತರ ಸೊಗಸಾದ ಮಾತು. ಅದನ್ನು ಕೂಡಿಸಿ ಉದ್ದ ಮಾಡುವ ಬದಲು, ಅವರ ಒಪ್ಪಿಗೆಯೊಂದಿಗೆ, ಬೇರೊಂದು ಕಡೆ ಒಂದೇ ಸಾಲಾಗಿ ಬಳಸಬಹುದು.

ಈ ಹಂತದಲ್ಲಿ ಒಂದು ಆಸೆ ಹುಟ್ಟುತ್ತದೆ. ದಿನಕ್ಕೆ ಐದಾರು ಕರೆಗಳಿದ್ದದ್ದು ವಾರಕ್ಕೆ ಒಂದೆರಡಕ್ಕೆ ಇಳಿದಿದೆ ಎಂದರೆ “ಕರೆಗಳು ಶೇಕಡಾ 95ರಷ್ಟು ಕಡಿಮೆಯಾದವು” ಎಂದು ಬರೆಯಬಹುದಲ್ಲವೇ ಎನ್ನಿಸುತ್ತದೆ. ದಯವಿಟ್ಟು ಬರೆಯಬೇಡಿ. ಅವರು ಹೇಳಿದ್ದು ಅಂದಾಜು, ಶೇಕಡಾ ಲೆಕ್ಕ ಅದಕ್ಕೆ ಅಳತೆಯ ವೇಷ ಹಾಕುತ್ತದೆ. ನಿಮ್ಮ ಮುಂದಿನ ಗ್ರಾಹಕರು ಅವರಿಗೆ ಫೋನ್ ಮಾಡಿ ಆ ಸಂಖ್ಯೆಯ ಬಗ್ಗೆ ಕೇಳಿದರೆ ಅವರು ತಡಬಡಾಯಿಸುತ್ತಾರೆ. “ವಾರಕ್ಕೆ ಒಂದೋ ಎರಡೋ” ಎಂಬುದನ್ನಾದರೆ ಯಾವಾಗ ಕೇಳಿದರೂ ಅವರು ನಿಸ್ಸಂಕೋಚವಾಗಿ ಹೇಳಬಲ್ಲರು. ಸಂಖ್ಯೆಯೇ ಇಲ್ಲದ ಉತ್ತರ ಬಂದರೂ ಚಿಂತೆಯಿಲ್ಲ. ಎರಡು ದಿನ ಪಕ್ಕದಲ್ಲಿ ಕೂತದ್ದು ಸಂಖ್ಯೆಯಷ್ಟೇ ಗಟ್ಟಿಯಾದ ಸಂಗತಿ.

ಜೋಡಿಸಿದ್ದನ್ನು ಅವರಿಗೆ ಕಳುಹಿಸುವಾಗ ನಾಲ್ಕು ವಿಷಯಗಳಿಗೆ ಲಿಖಿತ ಒಪ್ಪಿಗೆ ಪಡೆಯಿರಿ: ಮಾತುಗಳು, ಹೆಸರು ಮತ್ತು ಹುದ್ದೆ, ಕಂಪನಿಯ ಹೆಸರು, ಪ್ರಕಟವಾಗುವ ಸ್ಥಳ. “ಇದು ನಿಮ್ಮ ಮಾತೇ ಅನ್ನಿಸುತ್ತದೆಯೇ? ಏನನ್ನಾದರೂ ಬದಲಿಸಬೇಕೆ? ಸೇವಾ ವಿಭಾಗದ ಮುಖ್ಯಸ್ಥರು ಎಂಬ ಹುದ್ದೆ ಮತ್ತು ಕಂಪನಿಯ ಹೆಸರಿನೊಂದಿಗೆ ನನ್ನ ವೆಬ್‌ಸೈಟಿನಲ್ಲಿ ಮತ್ತು ಹೊಸ ಗ್ರಾಹಕರಿಗೆ ಕೊಡುವ ಪರಿಚಯ ಪತ್ರದಲ್ಲಿ ಹಾಕಬಹುದೇ?” ಎಂದು ಕೇಳಿದರೆ ಸಾಕು. ಕಂಪನಿಯ ಲಾಂಛನ ಮತ್ತು ವ್ಯಕ್ತಿಯ ಭಾವಚಿತ್ರ ಬೇಕಿದ್ದರೆ ಪ್ರತ್ಯೇಕವಾಗಿ ಹೆಸರಿಸಿಯೇ ಕೇಳಿ. ಮಾತಿಗೆ ಕೊಟ್ಟ ಒಪ್ಪಿಗೆ ಅವಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಕೆಲವೊಮ್ಮೆ ಅವರು, ಅಥವಾ ಅವರ ಮೇಲಧಿಕಾರಿಗಳು, ಒಳ್ಳೆಯ ಸಾಲನ್ನೇ ತೆಗೆದುಹಾಕುತ್ತಾರೆ. “ದಿನಕ್ಕೆ ಐದಾರು ಫೋನ್” ಎಂಬುದು ತಮ್ಮ ಯಂತ್ರದ ದೋಷದಂತೆ ಕಾಣುತ್ತದೆಂದು ಅವರಿಗೆ ಅನ್ನಿಸುವುದು ಸಹಜ. ಆಗ ಒಮ್ಮೆ ಮಾತ್ರ ಪರ್ಯಾಯ ಸೂಚಿಸಬಹುದು, “ಫಿಲ್ಟರ್ ಬದಲಾವಣೆಯ ಬಗ್ಗೆ ಆಗಾಗ ಫೋನ್ ಬರುತ್ತಿತ್ತು” ಎಂಬಂತೆ. ಅದನ್ನೂ ಒಪ್ಪದಿದ್ದರೆ ಅವರು ಕೊಟ್ಟಂತೆಯೇ ಸ್ವೀಕರಿಸಿ. ಅಂತಿಮ ಒಪ್ಪಿಗೆಯ ಸಂದೇಶವನ್ನು, ದಿನಾಂಕ ಕಾಣುವಂತೆ, ಅಳಿಸದೆ ಇಟ್ಟುಕೊಳ್ಳಿ.

ನೀವೇ ಬರೆದು ಒಪ್ಪಿಗೆ ಪಡೆಯುವ ಬಗ್ಗೆ ಕೇಳಿದ್ದೀರಿ. ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನೀವು ಬರೆದದ್ದನ್ನು ಗ್ರಾಹಕರು ಓದದೆಯೇ “ಸರಿ” ಎನ್ನಬಹುದು, ಆದರೆ ಅದು ಅವರ ಅನುಭವದ ಹೇಳಿಕೆಯಾಗುವುದಿಲ್ಲ. ಇಂಥ ಐದು ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಐದರಲ್ಲೂ ಒಂದೇ ವಾಕ್ಯರಚನೆ, ಒಂದೇ ಬಗೆಯ ಪದಗಳು ಕಾಣುತ್ತವೆ, ಓದುವವರಿಗೆ ಅದು ಬೇಗನೆ ತಿಳಿಯುತ್ತದೆ. “ನೀವೇ ಬರೆದುಬಿಡಿ, ನಾನು ಸಹಿ ಹಾಕುತ್ತೇನೆ” ಎಂದು ಅವರೇ ಹೇಳಿದಾಗ ಏನು ಮಾಡಬೇಕೆಂಬುದು ನಿಜವಾದ ಸಮಸ್ಯೆ, ಏಕೆಂದರೆ ಅದು ಬಿಡುವಿಲ್ಲದವರ ಪ್ರಾಮಾಣಿಕ ಸಲಹೆ. ಆಗ ಹತ್ತು ನಿಮಿಷದ ಫೋನ್ ಸಮಯ ಕೇಳಿ, ಅವೇ ನಾಲ್ಕು ಪ್ರಶ್ನೆಗಳನ್ನು ಬಾಯಲ್ಲಿ ಕೇಳಿ, ಅವರಾಡಿದ ಪದಗಳನ್ನೇ ಬರೆದುಕೊಂಡು ಮೇಲೆ ಹೇಳಿದಂತೆ ಜೋಡಿಸಿ ಕಳುಹಿಸಿ. ಬರೆಯಲು ಒಲ್ಲದವರು ಮಾತಿನಲ್ಲಿ ಅನೇಕ ವೇಳೆ ಹೆಚ್ಚು ಚೆನ್ನಾಗಿ ಹೇಳುತ್ತಾರೆ. ಹಾಗೆಯೇ, ಅವರು ಹಿಂದೆ ಯಾವುದೋ ಸಂದೇಶದಲ್ಲಿ ಬರೆದಿದ್ದ ಒಳ್ಳೆಯ ಮಾತನ್ನು ಹುಡುಕಿ, “ಇದನ್ನೇ ಬಳಸಬಹುದೇ” ಎಂದು ಕೇಳುವುದೂ ಯೋಗ್ಯವಾದ ದಾರಿ. ಅವರ ಕೆಲಸ ಆಗ ಒಂದು “ಸರಿ”ಗೆ ಮುಗಿಯುತ್ತದೆ.

ಅಭಿಪ್ರಾಯಕ್ಕೆ ಪ್ರತಿಯಾಗಿ ರಿಯಾಯಿತಿ, ಉಡುಗೊರೆ ಏನನ್ನೂ ಮುಂದಿಡಬೇಡಿ. ಪ್ರತಿಫಲ ಕೊಟ್ಟದ್ದನ್ನು ಮರೆಮಾಚುವುದನ್ನೂ ಕಲ್ಪಿಸಿದ ಅಭಿಪ್ರಾಯಗಳನ್ನೂ ಅನೇಕ ದೇಶಗಳ ಗ್ರಾಹಕ ಸಂರಕ್ಷಣಾ ನಿಯಮಗಳು ದಾರಿತಪ್ಪಿಸುವ ಜಾಹೀರಾತೆಂದು ಪರಿಗಣಿಸುತ್ತವೆ.

ಪ್ರಶ್ನೆ ಕಳುಹಿಸಿ ಒಂದು ವಾರ, ಹತ್ತು ದಿನವಾದರೂ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಹಾಗೆ ನೆನಪಿಸುವಾಗ ಹಳೆಯ ಸಂದೇಶವನ್ನೇ ಮತ್ತೆ ಕಳುಹಿಸದೆ ಕೆಲಸವನ್ನು ಇನ್ನಷ್ಟು ಚಿಕ್ಕದು ಮಾಡಿ: “ನಾಲ್ಕಕ್ಕೂ ಉತ್ತರ ಬೇಕಿಲ್ಲ ಸರ್, ಮೂರನೆಯದೊಂದಕ್ಕೆ ಒಂದು ಸಾಲು ಬರೆದರೂ ಸಾಕು.” ನಿಮಗೆ ಸಂಕೋಚವಾಗುತ್ತಿದ್ದದ್ದು ಅದೇ ಹೊರೆಯನ್ನು ಮತ್ತೆ ಹೊರಿಸುತ್ತಿದ್ದೇನೆ ಎಂಬ ಅರಿವಿನಿಂದ, ಹೊರೆ ಇಳಿಸಿ ಕೇಳಿದಾಗ ಆ ಸಂಕೋಚ ಬಹುಪಾಲು ತಾನಾಗಿ ಕಡಿಮೆಯಾಗುತ್ತದೆ. ಅದಕ್ಕೂ ಉತ್ತರ ಬಾರದಿದ್ದರೆ ವಿಷಯವನ್ನು ಅಲ್ಲಿಗೇ ಬಿಡಿ, ಮುಂದಿನ ಭೇಟಿಯಲ್ಲಿ ಅದರ ಪ್ರಸ್ತಾಪವನ್ನೂ ಎತ್ತಬೇಡಿ.

ಕಂಪನಿಯ ನಿಯಮದಿಂದಾಗಿ ಹೆಸರು ಕೊಡಲಾಗದು ಎಂದವರಲ್ಲಿ ಎರಡು ಬದಲಿಗಳನ್ನು ಕೇಳಬಹುದು. ಹೆಸರಿಲ್ಲದೆ, “ನೀರು ಶುದ್ಧೀಕರಣ ಯಂತ್ರ ತಯಾರಕ ಕಂಪನಿಯೊಂದರ ಸೇವಾ ವಿಭಾಗದ ಮುಖ್ಯಸ್ಥರು” ಎಂದಷ್ಟೇ ಹಾಕಲು ಒಪ್ಪುತ್ತಾರೆಯೇ ಎಂಬುದು ಒಂದು. ಇದಕ್ಕೆ ಹೆಸರಿರುವ ಅಭಿಪ್ರಾಯದ ತೂಕವಿಲ್ಲ, ಆದ್ದರಿಂದ ಅದರಲ್ಲಿ ಸಂಗತಿಗಳು ಇನ್ನೂ ಹೆಚ್ಚು ನಿರ್ದಿಷ್ಟವಾಗಿರಬೇಕು. ಹೊಸ ಗ್ರಾಹಕರು ಕೇಳಿದಾಗ ಐದು ನಿಮಿಷ ಫೋನಿನಲ್ಲಿ ಮಾತನಾಡುತ್ತಾರೆಯೇ ಎಂಬುದು ಇನ್ನೊಂದು. ದೊಡ್ಡ ಕೆಲಸ ಒಪ್ಪಿಸುವವರಿಗೆ ಈ ಐದು ನಿಮಿಷ ಲಿಖಿತ ಅಭಿಪ್ರಾಯಕ್ಕಿಂತ ಹೆಚ್ಚು ಉಪಯುಕ್ತ. ಆದರೆ ಪ್ರತಿ ಬಾರಿಯೂ ಅವರನ್ನು ಮುಂಚಿತವಾಗಿ ಕೇಳಿಯೇ ಸಂಖ್ಯೆ ಕೊಡಬೇಕು.

ಕೈಗೆ ಬಂದ ಅಭಿಪ್ರಾಯ ಬಳಸಲು ಯೋಗ್ಯವೇ ಎಂದು ತಿಳಿಯಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ನಿಮ್ಮ ಹೆಸರನ್ನು ಬೆರಳಿನಿಂದ ಮುಚ್ಚಿ, ಅದೇ ಮಾತನ್ನು ಒಬ್ಬ ಬಡಗಿಗೋ ದಂತವೈದ್ಯರಿಗೋ ಹೇಳಿದಂತೆ ಓದಿ. “ಸಮಯಕ್ಕೆ ಸರಿಯಾಗಿ, ಅಚ್ಚುಕಟ್ಟಾಗಿ ಕೆಲಸ ಮಾಡಿದರು” ಎಂಬುದು ಅವರಿಬ್ಬರಿಗೂ ಹೊಂದುತ್ತದೆ. ಕೆಂಪು ದೀಪದ ಮಾತು ಹೊಂದುವುದಿಲ್ಲ. ಹೊಂದುವಂಥದ್ದು ಬಂದರೆ ಅದನ್ನು ತಿರಸ್ಕರಿಸದೆ, ಧನ್ಯವಾದ ಹೇಳಿ, “ಸಮಯಕ್ಕೆ ಸರಿಯಾಗಿ ಸಿಕ್ಕಿದ್ದರಿಂದ ನಿಮಗೆ ಯಾವ ಅನುಕೂಲವಾಯಿತು?” ಎಂದು ಅವರ ಮಾತಿನಿಂದಲೇ ಇನ್ನೊಂದು ಪ್ರಶ್ನೆ ಕೇಳಿ. ಯಂತ್ರದ ಬಿಡುಗಡೆಯ ದಿನವನ್ನು ಮುಂದೂಡಬೇಕಾಗಲಿಲ್ಲ ಎಂಬಂಥ ಸಂಗತಿ ಅದರ ಹಿಂದೆ ಇರಬಹುದು. ಹೀಗೆ ಒಂದೇ ಒಂದು ಬಾರಿ ಕೇಳಿ. ಎರಡನೆಯ ಬಾರಿ ಕೇಳಿದರೆ ಅದು ವಿಚಾರಣೆಯಾಗುತ್ತದೆ.

ಪ್ರಕಟವಾದ ಮೇಲೆ ಅದರ ಕೊಂಡಿಯನ್ನು ಅವರಿಗೆ ಕಳುಹಿಸಿ, ಅಭಿಪ್ರಾಯದ ಕೆಳಗೆ ವರ್ಷವನ್ನು ನಮೂದಿಸಿ. ಮುಂದೆ ಅವರು ಆ ಕಂಪನಿಯನ್ನು ಬಿಟ್ಟರೆ “ಆಗಿನ ಸೇವಾ ವಿಭಾಗದ ಮುಖ್ಯಸ್ಥರು” ಎಂದು ತಿದ್ದಿ. ಯಾವಾಗಲಾದರೂ ತೆಗೆದುಹಾಕಲು ಕೇಳಿದರೆ ಕಾರಣ ಕೇಳದೆ ಅಂದೇ ತೆಗೆಯಿರಿ.